ಶಿಫಾರಸು ಪತ್ರ: ಹೊಗಳುವ ಬದಲು ಕಂಡದ್ದನ್ನು ಬರೆಯಿರಿ

‘ಈಕೆ ಬುದ್ಧಿವಂತೆ, ಶ್ರಮಜೀವಿ, ಶಿಸ್ತಿನ ವಿದ್ಯಾರ್ಥಿನಿ. ಎಲ್ಲರೊಂದಿಗೂ ಸೌಹಾರ್ದದಿಂದ ಇರುತ್ತಾಳೆ. ಈಕೆಯ ಭವಿಷ್ಯ ಉಜ್ವಲವಾಗಲಿ.’

ಉನ್ನತ ವ್ಯಾಸಂಗದ ಪ್ರವೇಶ ಸಮಿತಿಗಳ ಮುಂದೆ ಇಂಥ ಪತ್ರಗಳು ರಾಶಿ ಬೀಳುತ್ತವೆ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುವ ಸಾಲುಗಳಿವು. ಬರೆದವರಿಗೆ ಈ ವಿದ್ಯಾರ್ಥಿನಿಯ ಪರಿಚಯ ಅಷ್ಟಾಗಿ ಇಲ್ಲ, ಇಲ್ಲವೇ ಹೇಳಿಕೊಳ್ಳುವಂಥದ್ದು ಏನೂ ಸಿಗಲಿಲ್ಲ ಎಂದೇ ಓದುವವರು ಭಾವಿಸುತ್ತಾರೆ. ಯಾವುದಾದರೂ ಸರಿ, ಏಟು ಬೀಳುವುದು ಅರ್ಜಿಗೆ.

ಒಪ್ಪಿಕೊಳ್ಳುವ ಮುನ್ನ

ವಿದ್ಯಾರ್ಥಿ ಬಂದು ಕೇಳಿದಾಗ ಅವರು ಮಾಡಿದ ಎರಡು ನಿರ್ದಿಷ್ಟ ಕೆಲಸಗಳು ನಿಮ್ಮ ನೆನಪಿಗೆ ಬರುತ್ತವೆಯೇ ನೋಡಿ. ಅಂಕಗಳು ಲೆಕ್ಕಕ್ಕಿಲ್ಲ, ಅವು ಅಂಕಪಟ್ಟಿಯಲ್ಲೇ ಇವೆ. ಏನೂ ನೆನಪಾಗದಿದ್ದರೆ, ‘ನಿನ್ನನ್ನು ಹತ್ತಿರದಿಂದ ಬಲ್ಲ ಬೇರೆ ಅಧ್ಯಾಪಕರನ್ನು ಕೇಳುವುದು ಒಳ್ಳೆಯದು’ ಎಂದು ಆಗಲೇ ಹೇಳಿಬಿಡಿ. ದಾಕ್ಷಿಣ್ಯಕ್ಕೆ ಬರೆದುಕೊಟ್ಟ ಸಪ್ಪೆ ಪತ್ರಕ್ಕಿಂತ ಸಮಯಕ್ಕೆ ಸರಿಯಾಗಿ ಹೇಳಿದ ‘ಇಲ್ಲ’ ವಿದ್ಯಾರ್ಥಿಗೆ ಹೆಚ್ಚು ಉಪಕಾರಿ.

ಸಾಮಗ್ರಿ ತರಿಸಿಕೊಳ್ಳಿ

ಅರ್ಜಿ ಹಾಕುತ್ತಿರುವ ಕೋರ್ಸಿನ ವಿವರ, ಕೊನೆಯ ದಿನಾಂಕ, ವಿದ್ಯಾರ್ಥಿ ಬರೆದ ಉದ್ದೇಶ ಪತ್ರ, ನಿಮ್ಮ ತರಗತಿಯಲ್ಲಿ ಸಲ್ಲಿಸಿದ ಹಳೆಯ ವರದಿ ಅಥವಾ ಪ್ರಯೋಗಾಲಯದ ದಾಖಲೆ ಪುಸ್ತಕ, ಇಷ್ಟು ಸಾಕು. ಜೊತೆಗೆ, ‘ನನ್ನ ತರಗತಿಯಲ್ಲಿ ನೀನು ಎಲ್ಲಿ ಸಿಕ್ಕಿಹಾಕಿಕೊಂಡೆ, ಅದರಿಂದ ಹೇಗೆ ಹೊರಬಂದೆ?’ ಎಂದು ಕೇಳಿ, ಉತ್ತರವನ್ನು ಐದಾರು ಸಾಲಿನಲ್ಲಿ ಬರೆದುಕೊಡಲು ಹೇಳಿ. ನಿಮ್ಮ ನೆನಪಿನಿಂದ ಜಾರಿದ್ದು ಹಲವು ಸಲ ಇಲ್ಲಿ ಸಿಗುತ್ತದೆ.

‘ನೀನೇ ಬರೆದು ತಾ, ಸಹಿ ಹಾಕುತ್ತೇನೆ’ ಎನ್ನುವ ರೂಢಿ ಮಾತ್ರ ಬೇಡ. ವಿದ್ಯಾರ್ಥಿಗೆ ತನ್ನನ್ನು ಹೊಗಳಿಕೊಳ್ಳಲು ಸಂಕೋಚ. ಹಾಗಾಗಿ ವಿಶೇಷಣಗಳ ಮೊರೆ ಹೋಗುತ್ತಾರೆ. ತರಗತಿಯ ಉಳಿದವರ ಜೊತೆ ಹೋಲಿಸಿ ಹೇಳಲು ಅವರಿಗೆ ಆಗುವುದೂ ಇಲ್ಲ. ಒಂದೇ ಅರ್ಜಿಯ ಮೂರು ಪತ್ರಗಳು ಒಂದೇ ಧಾಟಿಯಲ್ಲಿದ್ದರೆ ಓದುವವರಿಗೆ ಗುಟ್ಟು ತಿಳಿಯುತ್ತದೆ.

ಉದಾಹರಣೆ ಆರಿಸುವುದು

ಪತ್ರದ ಜೀವ ಇರುವುದು ಇಲ್ಲಿ. ಭೌತವಿಜ್ಞಾನದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಪ್ರಯೋಗದ ಪರೀಕ್ಷೆಯಲ್ಲಿ ಆಕೆಗೆ 50ಕ್ಕೆ 48 ಬಂದಿದೆ, ವಿಜ್ಞಾನ ಪ್ರದರ್ಶನದಲ್ಲಿ ಬಹುಮಾನವೂ ಸಿಕ್ಕಿದೆ. ಇವೆರಡೂ ಆಕೆಯ ಅರ್ಜಿಯಲ್ಲಿ ಹೇಗೂ ಇರುತ್ತವೆ. ಅರ್ಜಿಯಲ್ಲಿ ಇಲ್ಲದ, ನೀವು ಮಾತ್ರ ಕಂಡ ಸಂಗತಿ ಬೇಕು. ಎಡವಟ್ಟಾಗಿದ್ದ ಸಂದರ್ಭ ಇದಕ್ಕೆ ಹೇಳಿ ಮಾಡಿಸಿದ್ದು. ಸಲೀಸಾಗಿ ಮುಗಿದ ಕೆಲಸದಲ್ಲಿ ವಿದ್ಯಾರ್ಥಿ ಹೇಗೆ ಯೋಚಿಸುತ್ತಾರೆಂಬುದು ಕಾಣಿಸುವುದೇ ಇಲ್ಲ. ದಾಖಲೆ ಪುಸ್ತಕ ತಿರುವಿದಾಗ ಸಿಕ್ಕ ಒಂದು ಪುಟದಿಂದ ಪತ್ರದ ಪ್ಯಾರಾ ಹೀಗೆ ಮೂಡಬಹುದು:

‘ಎರಡನೇ ವರ್ಷದಲ್ಲಿ ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗವಿತ್ತು. 9.8ರ ಆಸುಪಾಸು ಬರಬೇಕಾದ ಬೆಲೆ ಈಕೆಗೆ 9.5 ಬಂತು. ಇಂಥ ಕಡೆ ಹೆಚ್ಚಿನವರು “ಪ್ರಾಯೋಗಿಕ ದೋಷ” ಎಂದು ಬರೆದು ಮುಗಿಸುತ್ತಾರೆ. ಈಕೆ ಯಾರೂ ಹೇಳದಿದ್ದರೂ ಐದು ಬೇರೆ ಬೇರೆ ಉದ್ದಗಳಿಗೆ ಆಂದೋಲನದ ಅವಧಿ ಅಳೆದು, ಅವಧಿಯ ವರ್ಗಕ್ಕೂ ಉದ್ದಕ್ಕೂ ಗ್ರಾಫ್ ಎಳೆದಳು. ಗೆರೆ ನೇರವಾಗಿತ್ತು, ಆದರೆ ಮೂಲಬಿಂದುವಿನ ಮೂಲಕ ಹಾಯಲಿಲ್ಲ. ಉದ್ದದ ಅಕ್ಷವನ್ನು ಸೊನ್ನೆಗಿಂತ ಒಂದೂವರೆ ಸೆಂಟಿಮೀಟರ್ ಹಿಂದೆ ಮುಟ್ಟಿತು. ಲೋಲಕದ ಗುಂಡನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದಾಗ ವ್ಯಾಸ 3 ಸೆಂಟಿಮೀಟರ್ ಇತ್ತು. ದಾರವನ್ನಷ್ಟೇ ಅಳೆದು ಗುಂಡಿನ ಕೇಂದ್ರದವರೆಗಿನ ದೂರ ಬಿಟ್ಟುಹೋಗಿತ್ತೆಂದು ಈಕೆ ತೋರಿಸಿಕೊಟ್ಟಳು. ಮೊದಲ ತಪ್ಪು ಲೆಕ್ಕವನ್ನು ಹೊಡೆದುಹಾಕದೆ ದಾಖಲೆಯಲ್ಲಿ ಹಾಗೆಯೇ ಉಳಿಸಿಕೊಂಡಳು.’

ಇಡೀ ಪ್ಯಾರಾದಲ್ಲಿ ‘ಬುದ್ಧಿವಂತೆ’ ಎಂಬ ಪದವೇ ಇಲ್ಲ. ಇದನ್ನು ಓದಿದ ಭೌತವಿಜ್ಞಾನಿಗೆ ಅದರ ಅಗತ್ಯವೂ ಇಲ್ಲ. ಸಂದರ್ಭ ಎರಡು ಮೂರು ವಾಕ್ಯಗಳಲ್ಲಿ ಮುಗಿಯಿತು, ವಿದ್ಯಾರ್ಥಿನಿ ಏನು ಮಾಡಿದಳೆಂಬುದಕ್ಕೆ ಹೆಚ್ಚು ಜಾಗ ಸಿಕ್ಕಿತು, ಕೊನೆಗೆ ಫಲಿತಾಂಶ ಬಂತು. ಇದರ ಬೆನ್ನಿಗೆ ನಿಮ್ಮ ತೀರ್ಮಾನದ ಒಂದೇ ವಾಕ್ಯ ಬರಲಿ: ‘ಸಂಶೋಧನೆಯಲ್ಲಿ ಎದುರಾಗುವ, ಉತ್ತರ ಮೊದಲೇ ಗೊತ್ತಿಲ್ಲದ ಸಮಸ್ಯೆಗಳನ್ನು ಈಕೆ ಹೀಗೆಯೇ ಬೆನ್ನಟ್ಟುತ್ತಾಳೆಂದು ನನಗೆ ಭರವಸೆಯಿದೆ.’ ಮೊದಲು ಸಂಗತಿ, ಆಮೇಲೆ ತೀರ್ಮಾನ. ತಿರುಗಾಮುರುಗಾ ಆದರೆ ಉದಾಹರಣೆ ನಿಮ್ಮ ಮಾತಿಗೆ ಹುಡುಕಿ ತಂದ ಸಮರ್ಥನೆಯಂತೆ ಕಾಣುತ್ತದೆ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಪ್ಯಾರಾ ಪೂರ್ತಿ ಪಠ್ಯಕ್ರಮದ ವರ್ಣನೆಯೇ ತುಂಬಿಕೊಳ್ಳುವುದು. ಪ್ರತಿ ವಾಕ್ಯದ ಕರ್ತೃಪದದ ಕೆಳಗೆ ಗೆರೆ ಎಳೆದು ನೋಡಿ. ‘ನಮ್ಮ ವಿಭಾಗ’, ‘ಈ ಕೋರ್ಸ್’, ‘ನಾನು’ ಎಂಬವೇ ಹೆಚ್ಚಿದ್ದರೆ ವಿದ್ಯಾರ್ಥಿ ಮರೆಯಾಗಿದ್ದಾರೆಂದೇ ಲೆಕ್ಕ. ಗುಂಪಿನಲ್ಲಿ ಮಾಡಿದ ಕೆಲಸವಾದರೆ ಈ ವಿದ್ಯಾರ್ಥಿಯ ಪಾಲು ಎಷ್ಟು, ಯಾವುದು ಎಂದು ಬಿಡಿಸಿ ಹೇಳಿ.

ಇಂಥ ಉದಾಹರಣೆ ಎರಡಿದ್ದರೆ ಸಾಕು, ಆದರೆ ಅವು ಒಂದೇ ಗುಣವನ್ನು ತೋರಿಸಬಾರದು. ಮೇಲಿನದ್ದು ಯೋಚನಾ ಕ್ರಮದ್ದಾದರೆ ಇನ್ನೊಂದು ಬರವಣಿಗೆಯದ್ದೋ ಜೊತೆಯವರಿಗೆ ಕಲಿಸಿದ ರೀತಿಯದ್ದೋ ಆಗಿರಲಿ. ಐದಾರು ತುರುಕಿದರೆ ಪ್ರತಿಯೊಂದಕ್ಕೂ ಒಂದೊಂದೇ ಸಾಲು ಸಿಕ್ಕಿ, ಮತ್ತೆ ಪಟ್ಟಿಯಾಗಿಬಿಡುತ್ತದೆ.

ಹೋಲಿಕೆಗೆ ಅಳತೆ ಇರಲಿ

‘ಅತ್ಯುತ್ತಮ ವಿದ್ಯಾರ್ಥಿನಿ’ ಎಂದರೆ ಯಾರ ನಡುವೆ? ‘ಈ ಮೂರು ವರ್ಷಗಳಲ್ಲಿ ಪ್ರಯೋಗಾಲಯದಲ್ಲಿ ನಾನು ಕಲಿಸಿದ ಸುಮಾರು 120 ಮಂದಿಯಲ್ಲಿ ಮೊದಲ ಐವರಲ್ಲಿ ಒಬ್ಬಳು’ ಎಂದರೆ ತೂಕ ತಿಳಿಯುತ್ತದೆ. ಇದು ನಿಜವಾಗಿದ್ದರೆ ಮಾತ್ರ ಬರೆಯಿರಿ. ಅದೇ ವರ್ಷ ಅದೇ ಸಂಸ್ಥೆಗೆ ನಾಲ್ವರನ್ನು ‘ಮೊದಲಿಗರು’ ಎಂದು ಕಳಿಸಿದರೆ ನಿಮ್ಮ ಮುಂದಿನ ಪತ್ರಗಳನ್ನು ಯಾರೂ ನಂಬುವುದಿಲ್ಲ. ಒಟ್ಟಾರೆ ಮೊದಲ ಸಾಲಿನಲ್ಲಿ ಇಲ್ಲದ ವಿದ್ಯಾರ್ಥಿಗೆ ಹೋಲಿಕೆಯನ್ನು ಕಿರಿದು ಮಾಡಬಹುದು: ‘ಅಳತೆಯ ಎಚ್ಚರದಲ್ಲಿ’ ಅಥವಾ ‘ವರದಿಯ ಸ್ಪಷ್ಟತೆಯಲ್ಲಿ’ ಮುಂದಿದ್ದಾರೆ ಎಂದು.

ಪೂರ್ತಿ ಪತ್ರ, ಕೊನೆಯ ಪರಿಶೀಲನೆ

ಎಷ್ಟು ಕಾಲದಿಂದ, ಯಾವ ಪಾತ್ರದಲ್ಲಿ ಬಲ್ಲಿರಿ ಎಂಬುದು ಮೊದಲ ಪ್ಯಾರಾ. ನಡುವೆ ಎರಡು ಉದಾಹರಣೆ ಮತ್ತು ಹೋಲಿಕೆ. ಯಾವ ಕೋರ್ಸಿಗೆ ಎಷ್ಟು ಬಲವಾಗಿ ಶಿಫಾರಸು ಮಾಡುತ್ತೀರಿ ಎಂಬುದು ಕೊನೆಯದು. ಎಲ್ಲ ಸೇರಿ ಒಂದರಿಂದ ಒಂದೂವರೆ ಪುಟ. ಕೊರತೆಯ ಬಗ್ಗೆ ಫಾರಂನಲ್ಲಿ ಕೇಳಿದ್ದರೆ ನಿಜವಾದ, ಸುಧಾರಿಸುತ್ತಿರುವ ಒಂದನ್ನು ಹೇಳಿ; ‘ಅತಿಯಾಗಿ ಶ್ರಮಪಡುತ್ತಾಳೆ’ ಎಂಬ ಜಾಣ ಉತ್ತರ ಯಾರಿಗೂ ಹೊಸದಲ್ಲ.

ಹುಡುಗಿಯರಿಗೆ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನು ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಪರಿಶೀಲಿಸಿ 2003ರಲ್ಲಿ ಪ್ರಕಟಿಸಿದರು. ಮಹಿಳೆಯರ ಪತ್ರಗಳು ಸರಾಸರಿ ಚಿಕ್ಕದಾಗಿದ್ದವು. ಅನುಮಾನ ಹುಟ್ಟಿಸುವ ಮಾತುಗಳೂ ಅವುಗಳಲ್ಲೇ ಹೆಚ್ಚಿದ್ದವು. ನಿಮ್ಮ ಕರಡಿನಲ್ಲಿ ‘ವಿನಯವಂತೆ’, ‘ಸೌಮ್ಯ ಸ್ವಭಾವ’ ಬಂದಿದ್ದರೆ, ಹುಡುಗನಾಗಿದ್ದರೆ ಇದನ್ನೇ ಬರೆಯುತ್ತಿದ್ದೆನೇ ಎಂದು ನೋಡಿ, ಬೇಡವಾದರೆ ತೆಗೆಯಿರಿ.

ಆನ್‌ಲೈನ್ ಫಾರಂಗಳಲ್ಲಿ ಪತ್ರದ ಜೊತೆ ಗುಣಗಳಿಗೆ ಅಂಕ ಕೊಡುವ ಕೋಷ್ಟಕವೂ ಇರುತ್ತದೆ. ‘ಮೊದಲ ಐವರಲ್ಲಿ ಒಬ್ಬಳು’ ಎಂದು ಬರೆದು ಕೋಷ್ಟಕದಲ್ಲಿ ‘ಸರಾಸರಿ’ಗೆ ಗುರುತು ಹಾಕಿದರೆ ಎರಡೂ ಸುಳ್ಳಾಗಿ ಕಾಣುತ್ತವೆ. ಹಳೆಯ ಪತ್ರದ ಮೇಲೆ ಹೊಸದನ್ನು ಬರೆದಿದ್ದರೆ ಬೇರೆ ವಿಶ್ವವಿದ್ಯಾಲಯದ ಹೆಸರೋ ‘ಈಕೆ’ ಇರಬೇಕಾದಲ್ಲಿ ‘ಈತ’ನೋ ಉಳಿದಿರುವುದುಂಟು. ಸಹಿ ಹಾಕುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿ, ಸಲ್ಲಿಸಿದ ಕೂಡಲೇ ವಿದ್ಯಾರ್ಥಿಗೆ ತಿಳಿಸಿ.