ಬಾನೆಟ್‌ನಿಂದ ಹೊಗೆ ಬಂದರೆ ಏನು ಮಾಡಬೇಕು?

ಪೆಟ್ರೋಲ್ ಮತ್ತು ಸಿಎನ್‌ಜಿ ಎರಡರಲ್ಲೂ ಓಡುವ ಕಾರು ಎಂದಿಟ್ಟುಕೊಳ್ಳಿ. ಡಿಕ್ಕಿಯಲ್ಲಿ ಸಿಲಿಂಡರ್, ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು. ಏರು ಹತ್ತುತ್ತಿರುವಾಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ. ಅದರ ಬೆನ್ನಿಗೇ ಬಾನೆಟ್ ಅಂಚಿನಿಂದ ಕಪ್ಪು ಹೊಗೆ. ರೇಡಿಯೇಟರ್ ಕುದಿದರೆ ಬರುವುದು ಬಿಳಿ ಆವಿ, ಅದಕ್ಕೆ ತುಸು ಸಿಹಿ ವಾಸನೆ ಇರುತ್ತದೆ. ಇದು ಹಾಗಲ್ಲ, ಪ್ಲಾಸ್ಟಿಕ್ ಸುಟ್ಟ ಕಮಟು. ಜ್ವಾಲೆ ಕಾಣದಿದ್ದರೂ ಒಳಗೆ ಬೆಂಕಿ ಹತ್ತಿದೆ ಎಂದೇ ತಿಳಿಯಿರಿ.

ನಿಲ್ಲಿಸಿ, ಆಮೇಲೆ ಕೀ ತಿರುಗಿಸಿ

ಗಾಡಿಯನ್ನು ರಸ್ತೆಯ ಅಂಚಿಗೆ ತನ್ನಿ. ಒಣಹುಲ್ಲು, ಪೆಟ್ರೋಲ್ ಬಂಕ್, ಬೇರೆ ವಾಹನಗಳ ಪಕ್ಕ ಬೇಡ. ಪೂರ್ತಿ ನಿಂತ ಮೇಲಷ್ಟೇ ಇಗ್ನಿಷನ್ ಆಫ್ ಮಾಡಿ. ಓಡುತ್ತಿರುವಾಗ ಆಫ್ ಮಾಡಿದರೆ ಸ್ಟೇರಿಂಗ್, ಬ್ರೇಕ್ ಎರಡೂ ಬಿಗಿಯಾಗುತ್ತವೆ. ಆದರೆ ನಿಂತ ಮೇಲೆ ಆಫ್ ಮಾಡುವುದನ್ನು ಮರೆಯಬಾರದು. ಇಂಧನದ ಪಂಪು ಕರೆಂಟಿನಿಂದ ನಡೆಯುವಂಥದ್ದು. ಎಂಜಿನ್ ಓಡುವಷ್ಟು ಹೊತ್ತೂ ಅದು ಒಡೆದ ಪೈಪಿಗೆ ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ, ಅಂದರೆ ಬೆಂಕಿಗೆ ನಾವೇ ಎಣ್ಣೆ ಎರೆದ ಹಾಗೆ. ಕೀ ಆಫ್ ಆದರೆ ಸಿಎನ್‌ಜಿ ಕೊಳವೆಯ ಕರೆಂಟ್ ವಾಲ್ವ್ ಕೂಡ ಮುಚ್ಚಿಕೊಳ್ಳುತ್ತದೆ.

ಹ್ಯಾಂಡ್‌ಬ್ರೇಕ್ ಎಳೆದು ಇಳಿಯಿರಿ. ಚೈಲ್ಡ್ ಲಾಕ್ ಹಾಕಿದ್ದರೆ ಹಿಂದಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ, ಹೊರಗಿನಿಂದ ನೀವೇ ತೆರೆಯಬೇಕು. ಗಾಬರಿಯಲ್ಲಿ ಇದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಮಕ್ಕಳನ್ನು ಟ್ರಾಫಿಕ್ ಇಲ್ಲದ ಬದಿಯಿಂದ ಇಳಿಸಿ. ಬ್ಯಾಗು ಒಳಗೇ ಇರಲಿ.

ಬಾನೆಟ್ ಮುಟ್ಟಬೇಡಿ

ಇಳಿದವರ ಕೈ ತಾನಾಗಿ ಬಾನೆಟ್ ಕಡೆ ಹೋಗುತ್ತದೆ. ಗಾಳಿ ಸಾಲದೆ ಮುಚ್ಚಿದ ಜಾಗದಲ್ಲಿ ಉಸಿರು ಕಟ್ಟಿಕೊಂಡಿದ್ದ ಬೆಂಕಿ, ಬಾನೆಟ್ ಎತ್ತಿದೊಡನೆ ಭಗ್ಗನೆ ಮುಖಕ್ಕೇ ಬರುತ್ತದೆ. ಬಾನೆಟ್‌ನ ಬಣ್ಣ ಗುಳ್ಳೆ ಏಳುತ್ತಿದ್ದರಂತೂ ಹತ್ತಿರ ನಿಲ್ಲಬೇಡಿ.

ಗಾಡಿಯಲ್ಲಿ ಪುಡಿಯ ಅಗ್ನಿಶಾಮಕ ಇದ್ದು, ಬೆಂಕಿ ಇನ್ನೂ ಸಣ್ಣದಿದ್ದರೆ ಮುಂದಿನ ಜಾಲರಿಯ ಸಂದಿನಿಂದಲೋ ಚಕ್ರದ ಮೇಲಿನ ತೆರಪಿನಿಂದಲೋ ಒಳಕ್ಕೆ ಸಿಂಪಡಿಸಬಹುದು. ಕಾರಿನಲ್ಲಿಡುವ ಸಣ್ಣ ಅಗ್ನಿಶಾಮಕ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಖಾಲಿಯಾಗುತ್ತದೆ. ಅಷ್ಟರಲ್ಲಿ ಆರಲಿಲ್ಲವೆಂದರೆ ಬಿಟ್ಟು ನಡೆಯಿರಿ. ಪೆಟ್ರೋಲ್ ಹೊತ್ತಿದ್ದರೆ ನೀರು ಸುರಿಯಬೇಡಿ. ಪೆಟ್ರೋಲ್ ನೀರಿನ ಮೇಲೆ ತೇಲಿ, ಉರಿಯುತ್ತಲೇ ಹರಡುತ್ತದೆ.

ಎಷ್ಟು ದೂರ, ಯಾವ ಕಡೆ

ಕನಿಷ್ಠ 30 ಮೀಟರ್, ಅಂದರೆ ಸುಮಾರು 40 ಹೆಜ್ಜೆ. ಗ್ಯಾಸ್ ಗಾಡಿಯಾದರೆ 100 ಮೀಟರ್ ಹೋಗಿ ಎಂಬುದು ನನ್ನ ಸಲಹೆ. ನಮ್ಮ ಉದಾಹರಣೆಯ ಕಾರು ಏರಿನಲ್ಲಿ ನಿಂತಿದೆ, ಹಾಗಾಗಿ ಮೇಲ್ಗಡೆಗೆ ಹೋಗಬೇಕು. ಸೋರಿದ ಪೆಟ್ರೋಲ್ ಇಳಿಜಾರಿಗೆ ಹರಿಯುತ್ತದೆ. ಅದರ ಆವಿ ಗಾಳಿಗಿಂತ ಭಾರ, ಕಣ್ಣಿಗೆ ಕಾಣದೆ ಚರಂಡಿಯಲ್ಲಿ ಸಾಗಿ ದೂರದ ಕಿಡಿಗೂ ಹೊತ್ತಿಕೊಳ್ಳಬಲ್ಲದು. ಬ್ರೇಕ್ ಸುಟ್ಟು ಸಡಿಲವಾದರೆ ಕಾರೇ ಹಿಂದಕ್ಕೆ ಉರುಳಲೂಬಹುದು. ಗಾಳಿ ಹೊಗೆಯನ್ನು ಮೇಲಕ್ಕೇ ತರುತ್ತಿದ್ದರೆ ಪಕ್ಕಕ್ಕೆ ಸರಿದು ನಿಲ್ಲಿ. ಆ ಹೊಗೆ ವಿಷ.

ಕಾರಿನ ನೇರ ಮುಂದೆ ಅಥವಾ ಹಿಂದೆ ನಿಲ್ಲಬೇಡಿ. ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವ ಗ್ಯಾಸ್ ತುಂಬಿದ ಸರಳು ಕಾದು ಬಾಣದಂತೆ ಚಿಮ್ಮಿದ್ದುಂಟು. ಟೈರ್ ಸಿಡಿದ ಸದ್ದಿಗೆ ‘ಟ್ಯಾಂಕ್ ಹೋಯಿತು’ ಎನ್ನುವವರೂ ಇದ್ದಾರೆ.

ಗ್ಯಾಸ್ ಇದ್ದರೆ

ಸಿಎನ್‌ಜಿ ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡ ಇರುತ್ತದೆ. ಅದು ಒಡೆಯದಿರಲೆಂದು ಸುಮಾರು 110 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ತೆರೆಯುವ ಸುರಕ್ಷತಾ ಕವಾಟ ಇಟ್ಟಿರುತ್ತಾರೆ. ಅದು ತೆರೆದಾಗ ಭಾರಿ ಸಿಳ್ಳಿನ ಸದ್ದು, ಹಲವು ಮೀಟರ್ ಉದ್ದದ ಜ್ವಾಲೆ. ನೋಡಲು ಭೀಕರ, ಆದರೆ ಸಿಲಿಂಡರ್ ಒಡೆಯುವುದನ್ನು ತಡೆಯುತ್ತಿರುವುದೇ ಅದು. ಆ ಜ್ವಾಲೆಯನ್ನು ಆರಿಸಲು ಹೋಗಬೇಡಿ. ಉರಿ ಆರಿದರೂ ಗ್ಯಾಸ್ ಸೋರುತ್ತಲೇ ಇರುತ್ತದೆ, ಒಂದೆಡೆ ಸೇರಿ ಒಮ್ಮೆಲೇ ಹೊತ್ತುತ್ತದೆ.

ಸಿಎನ್‌ಜಿ ಹಗುರ, ಬಯಲಲ್ಲಿ ಮೇಲೇರಿ ಚದುರುತ್ತದೆ. ಸೂರಿನಡಿ ಮಾತ್ರ ಚಾವಣಿಗೆ ಅಂಟಿ ನಿಲ್ಲುತ್ತದೆ. ಎಲ್‌ಪಿಜಿ ಭಾರ, ತಗ್ಗು ಹುಡುಕಿಕೊಂಡು ಹೋಗುತ್ತದೆ. ಆದ್ದರಿಂದ ಎಲ್‌ಪಿಜಿ ಗಾಡಿಯಿಂದ ಇಳಿದವರು ಹಳ್ಳದಲ್ಲಿ ಆಶ್ರಯ ಪಡೆಯಬಾರದು. ಬೆಂಕಿಯಿಲ್ಲದೆ ಬರೀ ವಾಸನೆ ಬಂದರೂ ಮತ್ತೆ ಸ್ಟಾರ್ಟ್ ಮಾಡಿ ನೋಡಬೇಡಿ, ಯಾವ ಸ್ವಿಚ್ಚೂ ಬೇಡ. ಬಾಗಿಲು ತೆರೆದೇ ಬಿಟ್ಟು ದೂರ ಹೋದ ಮೇಲೆ ಫೋನ್ ತೆಗೆಯಿರಿ.

ಅಗ್ನಿಶಾಮಕ ದಳಕ್ಕೆ ಜಾಗ ಹೇಳಿದೊಡನೆ ‘ಸಿಎನ್‌ಜಿ ಗಾಡಿ, ಸಿಲಿಂಡರ್ ಡಿಕ್ಕಿಯಲ್ಲಿದೆ’ ಎಂದೂ ಹೇಳಿ. ಅವರು ಯಾವ ಕಡೆಯಿಂದ ಹತ್ತಿರ ಬರಬೇಕು ಎಂಬುದು ಆ ಒಂದು ಮಾತಿನ ಮೇಲಿದೆ. ಬೆಂಕಿ ಆರಿದ ಮೇಲೂ ಸಿಲಿಂಡರ್ ಹೊರಗಿನಿಂದ ಚೆನ್ನಾಗಿಯೇ ಕಾಣಬಹುದು. ಶಾಖ ತಿಂದ ಅದನ್ನು ಪರೀಕ್ಷೆಗೆ ಒಪ್ಪಿಸದೆ ಮತ್ತೆ ತುಂಬಿಸಬಾರದು.