ಸಮರಿ ಹಂತದಲ್ಲಿ ಕೇಳಿಸಿದ ಮೂರು ಪ್ರಶ್ನೆ: ಒಂದು ಕೋರ್ಟ್ ಮಾರ್ಷಲ್ ಗೆದ್ದ ಕತೆ

ಆರ್ಮಿ ಕೇಸ್ ಮಾಡೋ ವಕೀಲ್ರು ಯಾರನ್ನ ಕೇಳಿದ್ರೂ ಒಂದೇ ಮಾತು ಹೇಳ್ತಾರೆ, ಸಮರಿ ಆಫ್ ಎವಿಡೆನ್ಸ್‌ನಲ್ಲಿ, ಅಂದ್ರೆ ಟ್ರಯಲ್‌ಗೆ ಮುಂಚೆ ಸಾಕ್ಷಿಗಳ ಹೇಳಿಕೆ ಬರ್ಕೊಳ್ಳೋ ಹಂತದಲ್ಲಿ, ಆರೋಪಿ ಬಾಯಿ ಬಿಡಬಾರ್ದು, ಡಿಫೆನ್ಸ್ ಎಲ್ಲಾ ಟ್ರಯಲ್‌ಗೆ ಇಟ್ಕೋಬೇಕು ಅಂತ. ನಾನು ಉಲ್ಟಾ ಮಾಡಿದೆ. ಸೀನಿಯರ್ ಒಬ್ರು "ನಿನ್ನ ಕೈಲಿರೋ ಎಲೆ ನೀನೇ ತೋರಿಸ್ತಿದೀಯಲ್ಲಪ್ಪ" ಅಂತ ಎಲ್ಲರ ಮುಂದೆ ನಕ್ಕಿದ್ರು. ಈಗ ಅವರ ಜೂನಿಯರ್‌ಗಳೇ ಫೋನ್ ಮಾಡಿ ಹೇಗೆ ಮಾಡಿದ್ರಿ ಸಾರ್ ಅಂತ ಕೇಳ್ತಾರೆ, ಅದಕ್ಕೇ ಬರೀತಿದೀನಿ.

ಮೊದಲು ಸೋತಿದ್ದು ಹೇಳ್ತೀನಿ. ನನ್ನ ಮೊದಲ ಕೇಸ್ ಸಮರಿ ಕೋರ್ಟ್ ಮಾರ್ಷಲ್. ಸಿವಿಲ್ ಕೋರ್ಟಿಂದ ನೇರ ಹೋದೋನು, ಎರಡು ಫೈಲ್ ತುಂಬಾ ಜಡ್ಜ್‌ಮೆಂಟ್ ಹೊತ್ಕೊಂಡು ಹೋಗಿದ್ದೆ. ಅಲ್ಲಿ ಕಮಾಂಡಿಂಗ್ ಆಫೀಸರ್ ಒಬ್ರೇ ಕೋರ್ಟು, ಜೊತೆಗೆ ಇಬ್ರು ಕೂತಿರ್ತಾರೆ ಆದ್ರೆ ಅವರಿಗೆ ವೋಟ್ ಇಲ್ಲ. ನಾನು 'ಫ್ರೆಂಡ್ ಆಫ್ ದಿ ಅಕ್ಯೂಸ್ಡ್', ಅಂದ್ರೆ ಆರ್ಮಿ ರೂಲ್ಸ್‌ನ ರೂಲ್ 129 ಪ್ರಕಾರ ಆರೋಪಿ ಕಿವೀಲಿ ಪ್ರಶ್ನೆ ಹೇಳ್ಕೊಡಬಹುದು, ನಾನಾಗಿ ಸಾಕ್ಷೀನ ಕೇಳೋ ಹಾಗಿಲ್ಲ, ಕೋರ್ಟ್ ಮುಂದೆ ವಾದ ಮಾಡೋ ಹಾಗೂ ಇಲ್ಲ. ಚೀಟಿ ಬರೆದು ಬರೆದು ಕೊಟ್ಟೆ, ಹುಡುಗ ನಡುಗ್ತಾ ಅರ್ಧ ಓದಿದ. ಮಧ್ಯಾಹ್ನದ ಹೊತ್ತಿಗೆ ಡಿಸ್ಮಿಸಲ್ ಜೊತೆಗೆ ಆರು ತಿಂಗಳು ಜೈಲು. ಸಮರಿ ಕೋರ್ಟ್ ಶಿಕ್ಷೆಗೆ ಮೇಲಿನವರ ದೃಢೀಕರಣ ಬೇಕಿಲ್ಲ, ಕೂಡ್ಲೇ ಜಾರಿ. ಸಿವಿಲ್ ಕೋರ್ಟಲ್ಲಿ ಇಂಥಾ ದಿನ ಬೇಲ್ ಅರ್ಜಿ ಟೈಪ್ ಮಾಡಿಸ್ತಿರ್ತೀವಿ, ಇಲ್ಲಿ ಹುಡುಗನ ಸಾಮಾನು ಪ್ಯಾಕ್ ಆಗ್ತಿತ್ತು. ಫೀಸ್ 15 ಸಾವಿರ ತಗೊಂಡಿದ್ದೆ, ಅರ್ಧ ವಾಪಸ್ ಕೊಟ್ಟೆ.

ಎರಡನೇದು ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್, ಆರ್ಮಿ ಆಕ್ಟ್ ಸೆಕ್ಷನ್ 122ರ ಲಿಮಿಟೇಶನ್, ಅಂದ್ರೆ ಮೂರು ವರ್ಷ ಕಳೆದ್ಮೇಲೆ ಟ್ರಯಲ್ ಶುರು ಮಾಡೋ ಹಾಗಿಲ್ಲ ಅನ್ನೋದನ್ನ ಹಿಡ್ಕೊಂಡು ಹೋದೆ. ಘಟನೆ ಆಗಿ ಹತ್ರ ಹತ್ರ ನಾಲ್ಕು ವರ್ಷ ಆಗಿತ್ತು, ಗೆದ್ದೇಬಿಟ್ಟೆ ಅನ್ಕೊಂಡಿದ್ದೆ. ಆದ್ರೆ ಗಡಿಯಾರ ಶುರುವಾಗೋದು ಘಟನೆ ದಿನದಿಂದಾನೇ ಅಂತೇನಿಲ್ಲ, ಕ್ರಮ ತಗೊಳ್ಳೋ ಅಧಿಕಾರ ಇರೋರಿಗೆ ಗೊತ್ತಾದ ದಿನದಿಂದಾನೂ ಎಣಿಸಬಹುದು. ಪ್ರಾಸಿಕ್ಯೂಟರ್ ಒಂದು ಪತ್ರದ ತಾರೀಖು ತೋರಿಸಿದ್ರು, ನನ್ನ ಪ್ಲೀ ಹತ್ತು ನಿಮಿಷದಲ್ಲಿ ಬಿತ್ತು.

ಈಗ ಗೆದ್ದಿದ್ದು. ಸ್ಟೋರ್ ನೋಡ್ಕೋತಿದ್ದ ಹವಾಲ್ದಾರ್, ಸುಮಾರು 600 ಲೀಟರ್ ಡೀಸೆಲ್ ಕಮ್ಮಿ ಬಂದಿತ್ತು, ಮೋಸದ ಉದ್ದೇಶ ಅಂತ ಸೆಕ್ಷನ್ 52(ಎಫ್) ಚಾರ್ಜು. ಮುಖ್ಯ ಸಾಕ್ಷಿ ಒಬ್ಬ ಡ್ರೈವರ್, "ಇವರೇ ನನಗೆ ಜೆರಿಕ್ಯಾನ್ ತುಂಬಿ ಕೊಟ್ಟು ಹೊರಗೆ ಕಳಿಸಿದ್ರು" ಅಂತ. ಚಾರ್ಜ್ ಹಿಯರಿಂಗು, ಅಂದ್ರೆ ಕಮಾಂಡಿಂಗ್ ಆಫೀಸರ್ ಆರೋಪಿ ಎದುರಿಗೆ ಆರೋಪ ವಿಚಾರಿಸೋದು, ರೂಲ್ 22 ಪ್ರಕಾರ ಆಗಿತ್ತು ಅಂತ ಕಾಗದದಲ್ಲಿದೆ, ನಡೆದಿದ್ದು ಏನಂದ್ರೆ ಕ್ಯಾಪು ಬೆಲ್ಟು ತೆಗೆಸಿ ಮಾರ್ಚ್ ಅಪ್ ಮಾಡಿಸಿದ್ರು, ಎರಡು ನಿಮಿಷದಲ್ಲಿ ಹೊರಗೆ ಕಳಿಸಿದ್ರು. ಇದನ್ನೇ ಹಿಡ್ಕೊಂಡು ಕೇಸ್ ಹೊಡೆಯೋಣ ಅಂತ ಎಲ್ರೂ ಹೇಳಿದ್ರು. ಆದ್ರೆ ಸುಪ್ರೀಂ ಕೋರ್ಟು 1997ರಲ್ಲಿ ಮೇಜರ್ ಎ. ಹುಸೇನ್ ಕೇಸಲ್ಲಿ, ಟ್ರಯಲ್ ಸರಿಯಾಗಿ ನಡೆದಿದ್ರೆ ಟ್ರಯಲ್‌ಗೆ ಮುಂಚಿನ ಲೋಪಕ್ಕೆ ಅಷ್ಟು ಬೆಲೆ ಇಲ್ಲ ಅನ್ನೋ ಅರ್ಥದಲ್ಲಿ ಹೇಳಿಬಿಟ್ಟಿದೆ. ಹಾಗಾಗಿ ಅದನ್ನ ಅಬ್ಜೆಕ್ಷನ್ ಅಂತ ಬರೆಸಿ ಬಿಟ್ಟೆ, ಭಾರ ಅದರ ಮೇಲೆ ಹಾಕಲಿಲ್ಲ.

ನಾನು ಕಣ್ಣಿಟ್ಟಿದ್ದು ರೂಲ್ 23ರ ಮೇಲೆ. ಸಮರಿ ಬರ್ಕೊಳ್ಳೋವಾಗ ವಕೀಲರಿಗೆ ಜಾಗ ಇಲ್ಲ, ಸಾಕ್ಷೀನ ಪಾಟಿ ಸವಾಲು ಮಾಡೋನು ಆರೋಪಿನೇ. ಅವನು ಕೇಳಿದ ಪ್ರಶ್ನೆ, ಬಂದ ಉತ್ತರ ಎರಡನ್ನೂ ಬರ್ಕೊಳ್ಳಲೇಬೇಕು, ಸಾಕ್ಷಿ ಸಹಿ ಹಾಕಬೇಕು. ಎಲ್ರೂ ಇಲ್ಲಿ "ಪ್ರಶ್ನೆ ಇಲ್ಲ" ಅಂತ ಬರೆಸ್ತಾರೆ. ನಾನು ಹವಾಲ್ದಾರರಿಗೆ ನಾಲ್ಕು ಸಂಜೆ ಕೂರಿಸ್ಕೊಂಡು ಮೂರೇ ಪ್ರಶ್ನೆ ಬಾಯಿಪಾಠ ಮಾಡಿಸಿದೆ: ಎಷ್ಟು ಹೊತ್ತಿಗೆ ಕೊಟ್ರು, ಸ್ಟೋರ್ ಬಾಗಿಲು ಯಾರು ತೆಗೆದ್ರು, ಅಲ್ಲಿ ಇನ್ಯಾರಿದ್ರು. ಸುಳ್ಳು ಹೇಳ್ತಿದೀಯ ಅಂತ ಮಾತ್ರ ಕೇಳ್ಬೇಡಿ, ಉತ್ತರ ಬಂದ ಮೇಲೆ ಮುಖ ಕೂಡ ಬದಲಾಯಿಸ್ಬೇಡಿ ಅಂದೆ. ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಅನ್ನೋದ್ರಲ್ಲೇ ಇರೋದು ಆಟ, ಅದೊಂದು ನನ್ನ ಹತ್ರಾನೇ ಇರ್ಲಿ.

ಡ್ರೈವರ್ ಹೇಳಿದ್ದು: ಸಂಜೆ ರೋಲ್ ಕಾಲ್ ಆದ್ಮೇಲೆ, ಇವರೇ ಬೀಗ ತೆಗೆದ್ರು, ಬೇರೆ ಯಾರೂ ಇರಲಿಲ್ಲ. ಸಹಿ ಬಿತ್ತು. ಸ್ಟೋರ್ ಬೀಗದಕೈ ಸಂಜೆ ಯೂನಿಟ್ ಕಾವಲಿನವರು ಇರೋ ಕ್ವಾರ್ಟರ್ ಗಾರ್ಡ್‌ಗೆ ಹೋಗುತ್ತೆ, ಅಲ್ಲಿ ರಿಜಿಸ್ಟರ್ ಇರುತ್ತೆ, ಅವತ್ತು ರೋಲ್ ಕಾಲ್‌ಗೆ ಮುಂಚೇನೇ ಐದೂಕಾಲಿಗೆ ಜಮಾ ಆಗಿತ್ತು, ಬೆಳಗ್ಗೆವರೆಗೂ ಯಾರೂ ತಗೊಂಡಿರಲಿಲ್ಲ.

ಟ್ರಯಲ್ ಶುರುವಾಯ್ತು. ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್‌ಗೆ ಕಮ್ಮಿ ಅಂದ್ರೂ ಮೂರು ಆಫೀಸರ್, ನಮ್ಮ ಕೇಸಲ್ಲಿ ಜೊತೆಗೆ ಕಾನೂನು ಹೇಳೋಕೆ ಜಡ್ಜ್ ಅಡ್ವೊಕೇಟ್ ಕೂಡ ಇದ್ರು, ಅವರಿಗೆ ವೋಟ್ ಇಲ್ಲ. ತಪ್ಪಿತಸ್ಥನೋ ಅಲ್ವೋ ಅನ್ನೋದು, ಶಿಕ್ಷೆ ಎಷ್ಟು ಅನ್ನೋದು ಎರಡೂ ಯೂನಿಫಾರ್ಮ್ ಹಾಕಿರೋರೇ ತೀರ್ಮಾನಿಸೋದು, ವೋಟು ಜೂನಿಯರ್ ಕಡೆಯಿಂದ ಶುರು, ಹಿರಿಯರ ಮುಖ ನೋಡಿ ಕಿರಿಯರು ತಲೆ ಆಡಿಸಬಾರ್ದು ಅಂತ. ಡೇಟ್ ಗೀಟ್ ಏನಿಲ್ಲ, ದಿನಾ ಕೂರ್ತಾರೆ. ಹನ್ನೊಂದೋ ಹನ್ನೆರಡೋ ಸಿಟ್ಟಿಂಗ್ ಆಯ್ತು, ಅಷ್ಟೂ ದಿನ ನನ್ನ ಬೇರೆ ಕೇಸ್ ಎಲ್ಲಾ ಹಾಳು. ಫೀಸ್ ಒಂದೂವರೆ ಲಕ್ಷ ಮಾತಾಗಿತ್ತು, ಓಡಾಟ ರೂಮು ಎಲ್ಲಾ ಕಳೆದು ಕೈಗೆ ಉಳಿದಿದ್ದು ಎಂಬತ್ತರ ಸುಮಾರು. ಡೈಲಿ ಸಿಟ್ಟಿಂಗ್ ಲೆಕ್ಕ ಹಾಕದೆ ಫೀಸ್ ಮಾತಾಡಿದ್ದು ನನ್ನ ದಡ್ಡತನ.

ಒಂದು ಸಣ್ಣ ಪ್ರಯೋಗಾನೂ ಮಾಡಿದ್ದೆ. ಸೆಕ್ಷನ್ 130 ಪ್ರಕಾರ ಕೂತಿರೋ ಮೆಂಬರ್ ಬೇಡ ಅಂತ ಆರೋಪಿ ಹೇಳಬಹುದು. ಇದನ್ನ ಕೇಳೋದು ಬರೀ ಶಾಸ್ತ್ರ ಅಲ್ಲ, 1987ರಲ್ಲಿ ರಂಜಿತ್ ಠಾಕೂರ್ ಕೇಸಲ್ಲಿ ಸುಪ್ರೀಂ ಕೋರ್ಟು ಟ್ರಯಲ್ಲನ್ನೇ ರದ್ದು ಮಾಡಿದ್ದಕ್ಕೆ ಈ ಪ್ರಶ್ನೆ ಕೇಳದೇ ಇದ್ದಿದ್ದೂ ಒಂದು ಕಾರಣ. ನಾನು ಸ್ಟೋರ್ ಆಡಿಟ್ ಜೊತೆ ಸಂಬಂಧ ಇದ್ದ ಒಬ್ರನ್ನ ಬೇಡ ಅಂದೆ, ಒಪ್ಪಿದ್ರು. ಬದಲಿಗೆ ಬಂದೋರು ಅವರಿಗಿಂತ ಗಟ್ಟಿ ಆಸಾಮಿ, ಪ್ರತಿ ಪ್ರಶ್ನೆಗೂ ನನ್ನನ್ನೇ ದುರುಗುಟ್ಟಿ ನೋಡೋರು. ಆಮೇಲೆ ಸುಮ್ಮನೆ ಚಾಲೆಂಜ್ ಮಾಡೋದು ಬಿಟ್ಟೆ.

ಆರನೇ ದಿನ ಡ್ರೈವರ್ ಬಂದ. ಅಷ್ಟರಲ್ಲಿ ಯಾರೋ ಕೀ ರಿಜಿಸ್ಟರ್ ವಿಷ್ಯ ಹೇಳಿರ್ಬೇಕು, "ಮಧ್ಯಾಹ್ನ ಊಟದ ಹೊತ್ತಿಗೆ ಕೊಟ್ರು ಸಾರ್" ಅಂದ. ಸೀನಿಯರ್ ಹೇಳಿದ್ದು ನಿಜಾನೇ, ಎಲೆ ತೋರಿಸಿದ್ದೆ, ಆದ್ರೆ ಅವರು ಎಲೆ ಬದಲಾಯಿಸಿದ್ರೇನೇ ನನಗೆ ಲಾಭ. ಸಮರಿ ಹೇಳಿಕೆ ಮುಂದಿಟ್ಟೆ. ಸಹಿ ನಿಮ್ದಾ? ಹೌದು. ಓದಿ ಹೇಳಿದ್ರಾ? ಹೌದು. ಅದರಲ್ಲಿ ಎಷ್ಟು ಹೊತ್ತು ಅಂತಿದೆ? ಸುಮ್ಮನೆ ನಿಂತ. ಮಧ್ಯಾಹ್ನ ಅಂದ್ರೆ ಇನ್ನೊಂದು ತೊಂದ್ರೆ, ಆ ಹೊತ್ತಲ್ಲಿ ಅವನ ಗಾಡಿ ಹೊರಗಿತ್ತು ಅಂತ ಗಾಡಿಯ ಲಾಗ್ ಬುಕ್ಕೇ ಹೇಳ್ತಿತ್ತು. ಅಲ್ಲಿಗೆ ನಿಲ್ಲಿಸಿದೆ, ಯಾಕೆ ಸುಳ್ಳು ಹೇಳಿದೆ ಅಂತ ಕೇಳಲಿಲ್ಲ.

ನಾಟ್ ಗಿಲ್ಟಿ ಅಂತ ಬಂತು. ಹವಾಲ್ದಾರ್ ಅತ್ತೇಬಿಟ್ರು, ಆದ್ರೆ ಖುಲಾಸೆ ಅಂದ್ರೂ 'ದೃಢೀಕರಣಕ್ಕೆ ಒಳಪಟ್ಟು' ಅಂತಾನೇ ಓದೋದು. ಮ್ಯಾಜಿಸ್ಟ್ರೇಟ್ ಬಿಟ್ಟ ಅಂದ್ರೆ ಮನೆಗೆ ಹೋಗಬಹುದು, ಇಲ್ಲಿ ಫೈಲು ಮೇಲೆ ಹೋಗಿ ಸಹಿ ಬೀಳೋವರೆಗೂ ಆ ತೀರ್ಪಿಗೆ ಜೀವ ಇಲ್ಲ. ಮೂರು ವಾರ ಆದ್ಮೇಲೆ ಫೈಲ್ ವಾಪಸ್ ಬಂತು, ಸಾಕ್ಷ್ಯ ಸರಿಯಾಗಿ ತೂಗಿಲ್ಲ, ಮತ್ತೆ ನೋಡಿ ಅಂತ. ಸೆಕ್ಷನ್ 160ರ ರಿವಿಷನ್. ಸೀನಿಯರ್ ಫೋನ್ ಮಾಡಿ "ಮುಗೀತು ಬಿಡು" ಅಂದ್ರು. ನನಗೆ ಇದ್ದ ಧೈರ್ಯ ಒಂದೇ, ಹಾಗೆ ವಾಪಸ್ ಕಳಿಸೋಕಾಗೋದು ಒಂದೇ ಸಲ. ಹೊಸ ಸಾಕ್ಷಿ ತಗೊಳ್ಳಿ ಅಂತಾನೂ ಆದೇಶದಲ್ಲಿ ಇರಲಿಲ್ಲ, ಅಂದ್ರೆ ಅದೇ ಮೂವರು, ಅದೇ ರೆಕಾರ್ಡು, ಅದೇ ರಿಜಿಸ್ಟರು. ಬಾಗಿಲು ಹಾಕ್ಕೊಂಡು ಒಂದು ಗಂಟೆ ಕೂತ್ರು. ಮೊದಲಿನ ತೀರ್ಪಿಗೇ ಅಂಟ್ಕೊಂಡ್ರು. ನನ್ನನ್ನ ದುರುಗುಟ್ಟಿ ನೋಡ್ತಿದ್ದೋರು ಆಚೆ ಬರೋವಾಗ ಸಣ್ಣಗೆ ತಲೆ ಅಲ್ಲಾಡಿಸಿದ್ರು.

ದೃಢೀಕರಣ ಬರೋಕೆ ಇನ್ನೂ ಒಂದೂವರೆ ತಿಂಗಳು ಹಿಡೀತು, ಅಷ್ಟು ದಿನ ಇಬ್ರಿಗೂ ನಿದ್ದೆ ಇಲ್ಲ, ಯಾಕಂದ್ರೆ ದೃಢೀಕರಿಸಲ್ಲ ಅನ್ನೋ ಅಧಿಕಾರ ಆಗ್ಲೂ ಅವರ ಕೈಲೇ ಇತ್ತು. ಸಹಿ ಬಿದ್ದು ಯೂನಿಟ್‌ನಲ್ಲಿ ಓದಿ ಹೇಳಿದ ದಿನ ಹವಾಲ್ದಾರ್ ಫೋನ್ ಮಾಡಿ ಬಾಕಿ ಫೀಸ್ ಮೂರು ಕಂತಲ್ಲಿ ಕೊಡ್ತೀನಿ ಸಾರ್ ಅಂದ್ರು. ಎರಡು ಬಂದಿದೆ.