ಶಾಫ್ಟಿನ ನಡುವೆ ಮೂಲಬಿಂದು: ಕನ್ವೇಯರ್ ರೋಲರನ್ನು ನಾನು ಬಿಡಿಸಿದ ಬಗೆ

ಸಣ್ಣ ಬೆಲ್ಟ್ ಕನ್ವೇಯರೊಂದರ ಚಾಲಕ ರೋಲರನ್ನು ಫ್ರೀಕ್ಯಾಡ್‌ನಲ್ಲಿ ಬಿಡಿಸುವ ಕೆಲಸ ಬಂದಿತ್ತು. 25 ಮಿ.ಮೀ. ಶಾಫ್ಟ್, ಅದರ ಮೇಲೆ ಡ್ರಮ್, ಎರಡು ಬದಿಗೆ UCP205 ಬೇರಿಂಗ್ ಬ್ಲಾಕ್, ಅವುಗಳ ಕೆಳಗೆ ಚೌಕಟ್ಟು. ಭಾಗಗಳು ಬೆರಳೆಣಿಕೆಯಷ್ಟೇ. ಆದರೂ ಮೊದಲ ಗೆರೆ ಎಳೆಯುವ ಮುನ್ನ ಮೂಲಬಿಂದು ಎಲ್ಲಿರಬೇಕೆಂದು ಕಾಗದದ ಮೇಲೆ ಗುರುತು ಹಾಕಿಕೊಂಡೆ.

ಯಂತ್ರ ನೆಲದ ಮೇಲೆ ನಿಲ್ಲುತ್ತದೆ, ಆದ್ದರಿಂದ ನೆಲವೇ ಸೊನ್ನೆ ಎಂದು ಹಲವರು ಹಿಡಿಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಲ್ಲಿ ಡ್ರಮ್, ಬೇರಿಂಗ್, ಸ್ಪ್ರಾಕೆಟ್ ಎಲ್ಲವೂ ಶಾಫ್ಟಿನ ಅಕ್ಷಕ್ಕೆ ಬದ್ಧವಾಗಿವೆ. ನೆಲಕ್ಕೆ ಸಂಬಂಧವಿರುವುದು ಕಾಲುಗಳಿಗೆ ಮಾತ್ರ. ಹಾಗಾಗಿ ಶಾಫ್ಟಿನ ಅಕ್ಷದ ಮೇಲೆ, ಎರಡು ಬೇರಿಂಗ್‌ಗಳ ನಟ್ಟನಡುವೆ ಮೂಲಬಿಂದುವನ್ನಿಟ್ಟೆ. ಶಾಫ್ಟ್ X ಅಕ್ಷದ ಉದ್ದಕ್ಕೂ, ಬೆಲ್ಟ್ ಓಡುವ ದಿಕ್ಕು Y, ಮೇಲ್ಮುಖ Z. ಈ ಮೂರು ನಿರ್ಧಾರಗಳು ಪ್ರತಿಯೊಂದು ಭಾಗಕ್ಕೂ ಅನ್ವಯ.

ಮೊದಲ ಸಮತಲ ಯಾವುದೆಂಬುದು ಇದರ ಹಿಂದೆಯೇ ಬರುತ್ತದೆ. ಶಾಫ್ಟಿನ ಅರ್ಧ ಆಕೃತಿಯನ್ನು `XZ_Plane` ಮೇಲೆ ಬರೆದು X ಅಕ್ಷದ ಸುತ್ತ ತಿರುಗಿಸಿದೆ. ಡ್ರಮ್ಮಿಗೆ ವೃತ್ತವನ್ನು `YZ_Plane` ಮೇಲೆ ಬರೆದು `Symmetric to plane` ಆರಿಸಿ ಎರಡೂ ಕಡೆಗೆ ಉಬ್ಬಿಸಿದೆ. ಈ ಆಯ್ಕೆಯನ್ನು ನಾನು ಬಿಡುವುದೇ ಇಲ್ಲ. ಸುಮ್ಮನೆ ಉಬ್ಬಿಸಿದರೆ ವಸ್ತು ಸಮತಲದ ಒಂದೇ ಬದಿಗೆ ಬೆಳೆಯುತ್ತದೆ, `XZ_Plane` ಮೇಲಾದರೆ ಋಣ Y ಕಡೆಗೆ. ಆಮೇಲೆ ಅದನ್ನು ಅರ್ಧ ಉದ್ದ ಹಿಂದಕ್ಕೆ ಸರಿಸಬೇಕಾಗುತ್ತದೆ.

ಬೇರಿಂಗ್ ಬ್ಲಾಕ್ ಎರಡು ಕಡೆ ಬಳಕೆಯಾಗುವುದರಿಂದ ಅದಕ್ಕೆ ತನ್ನದೇ ಮೂಲಬಿಂದು ಬೇಕು. ಅದನ್ನು ತಳದಲ್ಲಿ ಇಡಲಿಲ್ಲ, ಶಾಫ್ಟ್ ಹೋಗುವ ರಂಧ್ರದ ಅಕ್ಷದ ಮೇಲೆ ಇಟ್ಟೆ. ಆದರೆ ಅಕ್ಷದ ಉದ್ದಕ್ಕೆ ಎಲ್ಲಿ? ಒಳ ಉಂಗುರದ ಮಧ್ಯವೆಂದು ಹಿಡಿದರೆ ಎಡವುತ್ತೀರಿ. ಬ್ಲಾಕಿನೊಳಗೆ ಕೂರುವ UC205 ಬೇರಿಂಗಿನ ಒಳ ಉಂಗುರ ಸುಮಾರು 34 ಮಿ.ಮೀ. ಅಗಲ, ಗುಂಡುಗಳ ಸಾಲು ಅದರ ಒಂದು ತುದಿಯಿಂದ 14.3 ಮಿ.ಮೀ. ದೂರದಲ್ಲಿದೆ, ತಿರುಪು ಕೂರುವ ಬದಿ ಉದ್ದ. ಬೋಲ್ಟ್ ರಂಧ್ರಗಳು ಹೊಂದುವುದು ಬ್ಲಾಕಿನ ದೇಹದ ಮಧ್ಯಕ್ಕೆ, ಅಂದರೆ ಗುಂಡುಗಳ ಸಾಲಿಗೆ. ಸೊನ್ನೆ ಅಲ್ಲಿಯೇ ಇರಬೇಕು.

ಬ್ಲಾಕಿನ STEP ಕಡತವನ್ನು ನಾನು ಇಳಿಸಿಕೊಂಡದ್ದು. ಸಾಲಿಡ್‌ವರ್ಕ್ಸ್‌ನಂತಹ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ Y ಮೇಲ್ಮುಖವಾದ್ದರಿಂದ, ಇಂತಹ ಕಡತಗಳು ಫ್ರೀಕ್ಯಾಡ್‌ನಲ್ಲಿ ಮಗ್ಗುಲಾಗಿ ಮಲಗಿ ಬರುವುದುಂಟು. ಅದನ್ನು ಜೋಡಣೆಯಲ್ಲಿ ನೆಟ್ಟಗೆ ನಿಲ್ಲಿಸಲು ಹೋಗಬಾರದು. ಬ್ಲಾಕಿನ ಸ್ವಂತ ಕಡತದಲ್ಲಿ ಒಂದು `Part` ಒಳಗೆ ಹಾಕಿ, ಒಳಗಿನ ಆಕಾರವನ್ನಷ್ಟೇ ತಿರುಗಿಸಿ ಸರಿಸಿದೆ. ಹೊರಗಿನ `Part`ನ `Placement` ಸೊನ್ನೆಯಾಗಿಯೇ ಉಳಿಯಿತು. ಜೋಡಣೆಗೆ ಹೋದದ್ದು ಆ `Part`ನ ಎರಡು ಕೊಂಡಿಗಳು.

ಬೇರಿಂಗ್‌ಗಳ ನಡುವಿನ ಅಂತರ 400 ಮಿ.ಮೀ. ಹೀಗಾಗಿ ಒಂದು ಬ್ಲಾಕಿಗೆ x = 200, ಇನ್ನೊಂದಕ್ಕೆ x = -200; ತಿರುಪಿನ ಬದಿ ಎರಡರಲ್ಲೂ ಹೊರಮುಖವಾಗಲು ಎರಡನೆಯದಕ್ಕೆ Z ಸುತ್ತ 180 ಡಿಗ್ರಿ. ಶಾಫ್ಟ್, ಡ್ರಮ್, ಚೌಕಟ್ಟು ಒಮ್ಮೆ ಮಾತ್ರ ಬರುವ ಭಾಗಗಳು. ಅವುಗಳನ್ನು ಯಂತ್ರದಲ್ಲಿರುವ ಜಾಗದಲ್ಲೇ ಬಿಡಿಸಿದ್ದರಿಂದ ಏನನ್ನೂ ಸರಿಸಬೇಕಾಗಲಿಲ್ಲ. ಬೇರೆಯವರ ಜೋಡಣೆ ಕೈಗೆ ಬಂದಾಗಲೂ ನಾನು ಮೊದಲು ನೋಡುವುದು `Placement` ಅಂಕಣವನ್ನು: ಅಲ್ಲಿ 187.3426ರಂತಹ ಸಂಖ್ಯೆ ಕಂಡರೆ ಯಾರೋ ಮೌಸಿನಿಂದ ಎಳೆದು ಕಣ್ಣಂದಾಜಿನಲ್ಲಿ ಕೂರಿಸಿದ್ದಾರೆ ಎಂದೇ ಅರ್ಥ.

ಚೌಕಟ್ಟಿನ ಮೇಲ್ಮೈ UCP205ರ ಅಕ್ಷಕ್ಕಿಂತ 36.5 ಮಿ.ಮೀ. ಕೆಳಗಿರಬೇಕು. ಬ್ಲಾಕಿನ ತಳದ ಮುಖವನ್ನು ಆಧಾರವಾಗಿ ಹಿಡಿಯದೆ, `XY_Plane`ಗೆ ಕಟ್ಟಿದ ಒಂದು ಸಹಾಯಕ ಸಮತಲವನ್ನು, ಕೋಷ್ಟಕದಲ್ಲಿ ಬರೆದಿಟ್ಟ ಈ ಎತ್ತರವನ್ನು ಓದುವ ಸೂತ್ರದಿಂದ ಕೆಳಗಿಳಿಸಿದೆ:

```
-Spreadsheet.h_bearing
```

ಬೋಲ್ಟ್ ರಂಧ್ರಗಳು ಅದೇ ಸಮತಲದಲ್ಲಿ x = ±200, y = ±52.5 ಎಂಬಲ್ಲಿ, 105 ಮಿ.ಮೀ. ಬೋಲ್ಟ್ ಅಂತರದ ಅರ್ಧ ಅದು. ಕೆಲಸದ ನಡುವೆ ಶಾಫ್ಟ್ 30 ಮಿ.ಮೀ. ಆಗಲಿ ಎಂಬ ಮಾತು ಬಂತು, ಬ್ಲಾಕ್ UCP206 ಆಯಿತು. ಕೋಷ್ಟಕದಲ್ಲಿ ಎತ್ತರ 42.9, ಬೋಲ್ಟ್ ಅಂತರ 121 ಎಂದು ಬದಲಿಸಿದಾಗ ಚೌಕಟ್ಟು ಕೆಳಗಿಳಿಯಿತು, ರಂಧ್ರಗಳು ದೂರ ಸರಿದವು. ಶಾಫ್ಟಿನ ವ್ಯಾಸ ಹಿಗ್ಗಿತೇ ಹೊರತು ಅದರ ಅಕ್ಷ ಕದಲಲಿಲ್ಲ. ನೆಲವನ್ನು ಸೊನ್ನೆಯಾಗಿಟ್ಟಿದ್ದರೆ ಚೌಕಟ್ಟು ನಿಂತಲ್ಲೇ ನಿಂತು, ಅದರ ಮೇಲಿನ ಅಕ್ಷ, ಡ್ರಮ್, ಸ್ಪ್ರಾಕೆಟ್ ಎಲ್ಲವೂ 6.4 ಮಿ.ಮೀ. ಮೇಲೇರಬೇಕಿತ್ತು.

ಕನ್ವೇಯರಿನ ಇನ್ನೊಂದು ತುದಿಯ ರೋಲರಿಗೆ ಮಾತ್ರ ಈ ಸ್ಥಿರ ಜಾಗದ ಲೆಕ್ಕ ಸಾಲದು, ಬೆಲ್ಟ್ ಬಿಗಿಗೊಳಿಸಲು ಅದು ಸರಿಯುತ್ತಲೇ ಇರಬೇಕು. ಅದನ್ನೂ ತನ್ನ ಅಕ್ಷದ ನಡುವೆಯೇ ಸೊನ್ನೆಯಿಟ್ಟು ಬಿಡಿಸಿ, ಜೋಡಣೆಯಲ್ಲಿ y ಬೆಲೆಯೊಂದನ್ನೇ ಕೋಷ್ಟಕಕ್ಕೆ ಕಟ್ಟಿದೆ.